ಒಂದು ಆನೆ, ಐದು ಹೆಸರು

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಒಂದು ಸ್ಥಳೀಯ ಪತ್ರಿಕೆಗೆ ವರದಿ ಬರೆಯುತ್ತೇನೆ. ಒಂದೇ ಪದ ಪದೇ ಪದೇ ಬರಬಾರದು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೇ ಬರೆದುಕೊಂಡು ಬಂದಿದ್ದೇನೆ. ಮೊನ್ನೆ ಕಾಡಾನೆ ಬಗ್ಗೆ ಬರೆದ ಸುದ್ದಿಯಲ್ಲಿ ಗಜರಾಜ, ಒಂಟಿಸಲಗ ಎಲ್ಲವನ್ನೂ ಡೆಸ್ಕಿನವರು ಹೊಡೆದುಹಾಕಿ ಬರೀ ಆನೆ, ಆನೆ ಅಂತ ಮಾಡಿದ್ದಾರೆ. ಓದಿದರೆ ಸಪ್ಪೆ ಅನ್ನಿಸುತ್ತದೆ. ಯಾರದ್ದು ಸರಿ? ನಾನು ಬರೆದದ್ದು, ಅವರು ತಿದ್ದಿದ್ದು ಎರಡನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ಡೆಸ್ಕಿನವರದ್ದು ಸರಿ. ಆದರೆ ನಿಮಗೆ ಸಪ್ಪೆ ಅನ್ನಿಸಿದ್ದೂ ಸುಳ್ಳಲ್ಲ. ಆ ಸಪ್ಪೆಗೆ ಕಾರಣ ಮಾತ್ರ ನೀವು ಅಂದುಕೊಂಡ ಜಾಗದಲ್ಲಿ ಇಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ಬರೆದದ್ದನ್ನು ಇಲ್ಲಿ ಇಡುತ್ತೇನೆ, ಉಳಿದವರೂ ಓದಲಿ.

> ತಾಲ್ಲೂಕಿನ ಕಾಫಿ ತೋಟವೊಂದಕ್ಕೆ ಮಂಗಳವಾರ ರಾತ್ರಿ ಕಾಡಾನೆ ನುಗ್ಗಿದೆ. ಗಜರಾಜ ತೋಟದ ಬೇಲಿ ಮುರಿದು ಒಳಗೆ ಬಂದಿದ್ದಾನೆ. ಒಂಟಿಸಲಗ ಹತ್ತು ಬಾಳೆ ಗಿಡಗಳನ್ನು ನಾಶಪಡಿಸಿದ್ದು, ದೈತ್ಯ ಪ್ರಾಣಿಯನ್ನು ಕಂಡ ಕಾರ್ಮಿಕರು ಲೈನ್ ಮನೆಗಳೊಳಗೆ ಓಡಿದ್ದಾರೆ. ಬೆಳಗಿನ ಜಾವ ಮದಗಜ ಕಾಡಿನತ್ತ ತೆರಳಿದೆ.

ನಾಲ್ಕು ವಾಕ್ಯ, ಐದು ಹೆಸರು. ಆನೆ ಎಷ್ಟು? ಒಂದೇ ಅಂತ ನಿಮಗೆ ಗೊತ್ತು, ಯಾಕಂದರೆ ಬರೆದವರು ನೀವು. ಓದುವವರಿಗೆ ಅದು ಗೊತ್ತಿಲ್ಲ. ಅವರು ಹೆಸರನ್ನು ನೋಡಿಯೇ ಲೆಕ್ಕ ಹಾಕಬೇಕು.

ಒಂದೊಂದನ್ನೇ ಬಿಡಿಸಿ ನೋಡೋಣ. ಸಲಗ ಅಂದರೆ ಗಂಡಾನೆ. ಒಂಟಿಸಲಗ ಅಂದರೆ ಹಿಂಡು ಬಿಟ್ಟು ಒಂಟಿಯಾಗಿ ತಿರುಗುವ ಗಂಡಾನೆ. ಅದು ಗಂಡು ಅಂತ ಯಾರಾದರೂ ನೋಡಿ ಹೇಳಿದ್ದರೇ? ಹಿಂದೆ ಮುಂದೆ ಬೇರೆ ಆನೆ ಇರಲಿಲ್ಲ ಅಂತ ಗೊತ್ತಿತ್ತೇ? ಇನ್ನು ಮದಗಜ. ಮದ ಅನ್ನುವುದು ಗಂಡಾನೆಗೆ ಆಗಾಗ ಬರುವ ಒಂದು ಸ್ಥಿತಿ. ಕಣ್ಣಿಗೂ ಕಿವಿಗೂ ನಡುವೆ ಇರುವ ಗ್ರಂಥಿಯಿಂದ ದ್ರವ ಇಳಿದು ಕೆನ್ನೆ ಒದ್ದೆಯಾಗಿರುತ್ತದೆ. ಆಗ ಆನೆ ತುಂಬಾ ಕೆರಳಿರುತ್ತದೆ, ಹತ್ತಿರ ಹೋದವರ ಗತಿ ಹೇಳುವ ಹಾಗಿಲ್ಲ. ನೀವು ಆ ಮಾತು ಹೇಳಲು ಹೊರಟಿರಲಿಲ್ಲ. "ಆನೆ" ಮತ್ತೆ ಬರಬಾರದು ಅಂತ ಆ ಜಾಗಕ್ಕೆ ಒಂದು ಪದ ಹುಡುಕಿದಿರಿ, ಮದಗಜ ಸಿಕ್ಕಿತು, ಅಷ್ಟೇ. ಆದರೆ ನಿಮ್ಮ ಊರಿನ ಕಡೆ ಈ ಸುದ್ದಿಯನ್ನು ಜನ ಸುಮ್ನೆ ಓದುವುದಿಲ್ಲ. ನಾಳೆ ಬೆಳಿಗ್ಗೆ ತೋಟಕ್ಕೆ ಆಳು ಕಳಿಸಬೇಕೋ ಬೇಡವೋ, ಮಕ್ಕಳನ್ನು ಆ ದಾರಿಯಲ್ಲಿ ಶಾಲೆಗೆ ಬಿಡಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಓದುತ್ತಾರೆ. ಅವರಿಗೆ ಮದಗಜ ಅನ್ನುವುದು ಅಲಂಕಾರ ಅಲ್ಲ, ಮಾಹಿತಿ.

ಸಮಾನಾರ್ಥಕ ಪದಗಳ ತೊಂದರೆ ಇದೇ. ನಿಘಂಟಿನಲ್ಲಿ ಅವು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಬಳಕೆಯಲ್ಲಿ ಒಂದೊಂದೂ ತನ್ನದೇ ಒಂದು ವಿಷಯ ಹೊತ್ತುಕೊಂಡು ಬರುತ್ತದೆ.

ಈ ಅಭ್ಯಾಸಕ್ಕೆ ಇಂಗ್ಲಿಷಿನವರು ಒಂದು ಹೆಸರು ಇಟ್ಟಿದ್ದಾರೆ: ಎಲಿಗೆಂಟ್ ವೇರಿಯೇಷನ್. ಫೌಲರ್ ಅನ್ನುವ ಅಣ್ಣ ತಮ್ಮ ಸೇರಿ 1906ರಲ್ಲಿ ಬರೆದ ಬಳಕೆಯ ಕೈಪಿಡಿಯಲ್ಲಿ ಇದನ್ನು ಹಿಡಿದು ಹಾಕಿದರು. ಅಣ್ಣ ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ತಂದ ದೊಡ್ಡ ಪುಸ್ತಕದಲ್ಲಿ ಇನ್ನಷ್ಟು ವಿವರವಾಗಿ ಬರೆದ. ಎಲಿಗೆಂಟ್ ಅಂದರೆ ಸೊಗಸಾದದ್ದು. ಆದರೆ ಫೌಲರ್ ಅದನ್ನು ಹೊಗಳಿಕೆಗೆ ಬಳಸಲಿಲ್ಲ, ಲೇವಡಿಗೆ ಬಳಸಿದ. ಬರೆಯುವವನು ಸೊಗಸು ಅಂದುಕೊಂಡಿದ್ದಾನೆ ಪಾಪ, ಅನ್ನುವ ಧಾಟಿ. ಒಬ್ಬನೇ ದೊರೆಯನ್ನು ಚಕ್ರವರ್ತಿ, ಮಹಾಪ್ರಭು, ಅರಸ ಅಂತ ಮೂರು ಬಗೆಯಲ್ಲಿ ಕರೆದ ಸುದ್ದಿಯೊಂದನ್ನು ಅವರು ಉದಾಹರಣೆಗೆ ಎತ್ತಿಕೊಂಡಿದ್ದರು. ಬಾಳೆಹಣ್ಣಿಗೆ ಎರಡನೇ ಸಲ "ಉದ್ದನೆಯ ಹಳದಿ ಹಣ್ಣು" ಅಂತ ಬರೆದದ್ದು ಅಲ್ಲಿನ ಪತ್ರಕರ್ತರ ನಡುವೆ ಇವತ್ತಿಗೂ ನಗೆಯ ಮಾತು.

ನಮ್ಮಲ್ಲಿ ಉದ್ದನೆಯ ಹಳದಿ ಹಣ್ಣುಗಳಿಗೆ ಬರವೇ? ಮಳೆ ಬಂದರೆ ಎರಡನೇ ಸಾಲಿನಲ್ಲಿ ವರುಣ ಬರುತ್ತಾನೆ, ಮೂರನೇ ಸಾಲಿನಲ್ಲಿ ಆತ ಆರ್ಭಟಿಸುತ್ತಾನೆ. ಊರುಗಳ ಕಥೆ ಇನ್ನೂ ಮಜಾ. ಬೆಳಗಾವಿ ಅಂತ ಒಂದು ಸಲ ಬರೆದರೆ ಮುಂದಿನ ಸಲ ಕುಂದಾನಗರಿ. ದಾವಣಗೆರೆ ಬೆಣ್ಣೆ ನಗರಿ. ಕಾಫಿನಾಡು ಅಂದರೆ ಚಿಕ್ಕಮಗಳೂರು. ಆದರೆ ಕೊಡಗಿಗೂ ಅದೇ ಹೆಸರು ಹಾಕುವವರಿದ್ದಾರೆ. ಬಿಸಿಲನಾಡು ಅಂದರೆ ರಾಯಚೂರೋ, ಕಲಬುರಗಿಯೋ, ಬಳ್ಳಾರಿಯೋ? ಬರೆದ ವರದಿಗಾರನ ಊರು ಯಾವುದು ಅಂತ ಗೊತ್ತಿದ್ದರೆ ಮಾತ್ರ ಹೇಳಬಹುದು. "ಬಿಸಿಲನಾಡಿನಲ್ಲಿ ವರುಣನ ಆರ್ಭಟ" ಅನ್ನುವ ತಲೆಬರಹದಲ್ಲಿ ಎಲ್ಲಿ ಏನಾಯಿತು ಅನ್ನುವ ಎರಡೂ ಸಂಗತಿ ಮರೆಯಾಗಿವೆ ನೋಡಿ. ರಾಯಚೂರಿನಲ್ಲಿ ಜೋರು ಮಳೆ ಅಂದಿದ್ದರೆ ಆಗುತ್ತಿತ್ತು. ಬೇರೆ ದೇಶದಲ್ಲಿ ಕೂತು "ರಾಯಚೂರು ಮಳೆ" ಅಂತ ಟೈಪ್ ಮಾಡಿ ಹುಡುಕುವ ಮಗನಿಗೆ ಆ ಸುದ್ದಿ ಸಿಗುವ ಸಂಭವವೂ ಆಗ ಜಾಸ್ತಿ ಇರುತ್ತಿತ್ತು.

ಹಾಗಾದರೆ ಮೇಷ್ಟ್ರು ಯಾಕೆ ಹಾಗೆ ಹೇಳಿಕೊಟ್ಟರು? ಅವರನ್ನು ದೂರಬೇಡಿ. ಆ ನಿಯಮಕ್ಕೆ ಒಂದು ದೊಡ್ಡ ಮನೆತನ ಇದೆ. ಅಮರಕೋಶದಲ್ಲಿ ಆನೆಗೆ ಹದಿನೈದು ಹೆಸರು ಸಾಲಾಗಿ ಬರುತ್ತವೆ: ದಂತಿ, ಹಸ್ತಿ, ದ್ವಿರದ, ಮತಂಗಜ, ಗಜ, ಕುಂಜರ, ವಾರಣ, ಕರಿ, ಹೀಗೆ. ಹಿಂದೆ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಕನ್ನಡದಲ್ಲೂ ಕವಿಗಳ ಕೈಗೆ ಕೊಡಲೆಂದೇ ಪದ್ಯರೂಪದ ನಿಘಂಟುಗಳು ಹುಟ್ಟಿದವು. ಅಷ್ಟೊಂದು ಹೆಸರು ಯಾಕೆ ಬೇಕಿತ್ತು ಅಂದರೆ, ಪದ್ಯ ಬರೆಯುವವನಿಗೆ ಮಾತ್ರೆ ಎಣಿಸಬೇಕು.

ಕಂದಪದ್ಯವನ್ನೇ ತೆಗೆದುಕೊಳ್ಳಿ. ಅದರ ಒಂದೊಂದು ಗಣಕ್ಕೂ ನಾಲ್ಕು ಮಾತ್ರೆ. "ಆನೆ" ಅಂದರೆ ಮೂರು ಮಾತ್ರೆ, ಗಣ ತುಂಬುವುದಿಲ್ಲ. "ಕುಂಜರ" ಅಂದರೆ ಸರಿಯಾಗಿ ನಾಲ್ಕು. "ಕರಿ" ಎರಡು. "ಮತಂಗಜ" ಐದು, ಗಣ ದಾಟಿ ಹೋಗುತ್ತದೆ. ಇದರ ಜೊತೆಗೆ ಪ್ರಾಸ ಬೇರೆ. ಹಳಗನ್ನಡದ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. "ನ"ಕಾರದ ಪ್ರಾಸ ಹಿಡಿದವನಿಗೆ ಸಾಲಿನ ಮೊದಲಿಗೆ ಆನೆ ಒದಗುತ್ತದೆ. "ರ"ಕಾರ ಹಿಡಿದಿದ್ದರೆ ವಾರಣ ಬೇಕು. ಕವಿ ಹೆಸರು ಬದಲಿಸುತ್ತಿದ್ದದ್ದು ಓದುಗನಿಗೆ ಬೇಜಾರಾದೀತು ಅಂತ ಅಲ್ಲ. ಸಾಲು ನಿಲ್ಲಬೇಕು ಅಂತ. ಬಡಗಿಯ ಹತ್ತಿರ ಬೇರೆ ಬೇರೆ ಅಳತೆಯ ಉಳಿ ಇದ್ದ ಹಾಗೆ ಅವು.

ಪದ್ಯ ಹೋಯಿತು, ಗದ್ಯ ಬಂತು. ಉಳಿಗಳು ಉಳಿದುಕೊಂಡವು. "ಸಮಾನಾರ್ಥಕ ಪದ ಬರೆಯಿರಿ" ಅಂತ ಪರೀಕ್ಷೆಯಲ್ಲಿ ಅಂಕಕ್ಕೆ ಕೇಳಿದರು. ಹೆಚ್ಚು ಪದ ಗೊತ್ತಿದ್ದವನು ಜಾಣ ಅಂತಾಯಿತು. ಪ್ರಬಂಧದಲ್ಲಿ ಸೂರ್ಯನನ್ನು ರವಿ, ಭಾಸ್ಕರ, ದಿನಕರ ಅಂತ ಬರೆದವನಿಗೆ ಇನ್ನೆರಡು ಅಂಕ ಜಾಸ್ತಿ ಬಿತ್ತು. ನಿಮ್ಮ ಕೈಗೆ ಅಂಟಿರುವುದು ಆ ಎರಡು ಅಂಕ.

ಅದೇ ಮಕ್ಕಳು ಮನೆಗೆ ಬಂದು ಅಜ್ಜಿಯಿಂದ ಕಾಗೆ ಗುಬ್ಬಿ ಕಥೆ ಕೇಳುತ್ತಾರೆ. ಅಲ್ಲಿ ಕಾಗೆ ಕಥೆಯ ಕೊನೆತನಕ ಕಾಗೆಯೇ, ಗುಬ್ಬಿ ಕೊನೆತನಕ ಗುಬ್ಬಿಯೇ. ಕಾಗೆಯನ್ನು ಒಮ್ಮೆ ವಾಯಸ, ಒಮ್ಮೆ ಕಪ್ಪು ಪಕ್ಷಿ ಅಂತ ಕರೆದರೆ "ಅದ್ಯಾರಜ್ಜಿ, ಯಾವಾಗ ಬಂತು?" ಅಂತ ಮಗು ನಡುವೆ ಬಾಯಿ ಹಾಕುತ್ತದೆ. ಹೊಸ ಹೆಸರು ಬಂತು ಅಂದರೆ ಹೊಸಬರು ಬಂದರು ಅಂತಲೇ ಕಿವಿ ತಿಳಿಯುವುದು. ದೊಡ್ಡವರು ನಡುವೆ ಬಾಯಿ ಹಾಕುವುದಿಲ್ಲ. ಒಂದು ಕ್ಷಣ ನಿಂತು, ಹಿಂದಿನ ಸಾಲಿಗೆ ಹೋಗಿ, ಓ ಅದೇ ಆನೆ ಅಂತ ಹೊಂದಿಸಿಕೊಂಡು ಮುಂದೆ ಓದುತ್ತಾರೆ. ಐದು ಹೆಸರು ಅಂದರೆ ಅಂಥ ನಾಲ್ಕು ನಿಲುಗಡೆ.

ನನಗೆ ಇದು ಅರ್ಥವಾದದ್ದು ಒಂದು ಫೋನ್ ಕರೆಯಿಂದ. ಕೆಲಸಕ್ಕೆ ಸೇರಿದ ಹೊಸದು. ರಸ್ತೆ ಅಪಘಾತದ ನಾಲ್ಕು ಸಾಲಿನ ಸುದ್ದಿ ಬರೆದಿದ್ದೆ. ಬೈಕಿಗೆ ಲಾರಿ ಡಿಕ್ಕಿಯಾಗಿ ಸವಾರ ಗಾಯಗೊಂಡಿದ್ದಾನೆ ಅಂತ ಮೊದಲ ಸಾಲು. ಯುವಕನನ್ನು ಆಸ್ಪತ್ರೆಗೆ ಸೇರಿಸಲಾಗಿದೆ ಅಂತ ಎರಡನೆಯದು. ವಿದ್ಯಾರ್ಥಿಯ ಸ್ಥಿತಿ ಗಂಭೀರವಾಗಿದೆ ಅಂತ ಮೂರನೆಯದು. ಮೂರೂ ಒಬ್ಬನೇ ಹುಡುಗ. ಬೆಳಿಗ್ಗೆ ಒಬ್ಬ ತಾಯಿ ಕಚೇರಿಗೆ ಫೋನ್ ಮಾಡಿದರು. ಅವರ ಮಗ ಅದೇ ಹುಡುಗನ ಸಹಪಾಠಿ, ರಾತ್ರಿ ಮನೆಗೆ ಬಂದಿರಲಿಲ್ಲ. "ಬೈಕ್ ಓಡಿಸ್ತಿದ್ದ ಹುಡುಗ ಯಾರು ಅಂತ ಗೊತ್ತಾಯ್ತು ಸಾರ್, ಆ ವಿದ್ಯಾರ್ಥಿ ಯಾರು?" ಅಂತ ಕೇಳಿದರು. ಆಕೆಯ ಮಗ ಸ್ನೇಹಿತನ ಜೊತೆ ಆಸ್ಪತ್ರೆಯಲ್ಲೇ ಕೂತಿದ್ದ, ಏನೂ ಆಗಿರಲಿಲ್ಲ. ಆದರೆ ನಾನು ಬರೆದ ಆ ಮೂರನೇ ಸಾಲು ಅವರಿಗೆ ಏನು ಮಾಡಿರಬೇಕು ಅಂತ ಈಗಲೂ ನೆನಪಾಗುತ್ತದೆ. "ಸವಾರ" ಅನ್ನುವ ಪದವನ್ನು ಮೂರು ಸಲ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಇದು ಎಲ್ಲ ಭಾಷೆಯ ಮಾತು. ಇನ್ನು ಕನ್ನಡದಲ್ಲಿ ಬರೆಯುವಾಗ ಎದುರಾಗುವ ಬೇರೆ ಎರಡು ತೊಡಕು ಇವೆ. ಇವು ನಿಮ್ಮ ಸುದ್ದಿಯಲ್ಲೂ ಇವೆ.

ಮೊದಲನೆಯದು ಲಿಂಗ. ಕನ್ನಡದಲ್ಲಿ ನಾಮಪದ ಬದಲಾದರೆ ಕ್ರಿಯಾಪದದ ಬಾಲವೂ ಬದಲಾಗುತ್ತದೆ. ಆನೆ ಬರುತ್ತದೆ, ಗಜರಾಜ ಬರುತ್ತಾನೆ. ನಿಮ್ಮ ಮೊದಲ ವಾಕ್ಯದಲ್ಲಿ "ನುಗ್ಗಿದೆ", ಎರಡನೆಯದರಲ್ಲಿ "ಬಂದಿದ್ದಾನೆ", ಕೊನೆಯದರಲ್ಲಿ ಮತ್ತೆ "ತೆರಳಿದೆ". ಅದು, ಅವನು, ಮತ್ತೆ ಅದು. ಮಳೆ ಸುರಿಯಿತು, ವರುಣ ಅಬ್ಬರಿಸಿದ ಅನ್ನುವಲ್ಲೂ ಇದೇ ಕಥೆ. ಅನೇಕ ಭಾಷೆಗಳಲ್ಲಿ ಹೆಸರು ಬದಲಿಸಿದರೆ ಹೆಸರಷ್ಟೇ ಬದಲಾಗುತ್ತದೆ. ನಮ್ಮಲ್ಲಿ ವಾಕ್ಯದ ತಲೆಯೂ ಬಾಲವೂ ಎರಡೂ ಬದಲಾಗುತ್ತವೆ. ಹಾಗಾಗಿ ಓದುಗನಿಗೆ ಬೇರೆ ಯಾರೋ ಬಂದರು ಅನ್ನುವ ಅನುಮಾನ ಎರಡು ಪಟ್ಟು.

ಎರಡನೆಯದು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ನಾಮಪದದ ಹಿಂದೆ "ದಿ" ಅನ್ನುವ ಪುಟ್ಟ ಪದ ಇರುತ್ತದಲ್ಲ, ಅದು ಈಗಾಗಲೇ ಹೇಳಿದ್ದೇ ಇದು ಅಂತ ಬೆರಳು ತೋರಿಸುತ್ತದೆ. ಹಾಗಾಗಿ ಅವರು ಆನೆಯನ್ನು ಪ್ರಾಣಿ ಅಂತ ಕರೆದರೂ ಓದುಗ ಅಷ್ಟಾಗಿ ದಾರಿ ತಪ್ಪುವುದಿಲ್ಲ. ಕನ್ನಡದಲ್ಲಿ ಅಂಥ ಪದ ಇಲ್ಲ. "ಆನೆ ಬಂತು. ಪ್ರಾಣಿ ಬೇಲಿ ಮುರಿಯಿತು" ಅಂದರೆ ಯಾವ ಪ್ರಾಣಿ? ಹಂದಿಯೂ ಇರಬಹುದು, ಕಾಡೆಮ್ಮೆಯೂ ಇರಬಹುದು. ನಿಮ್ಮ "ದೈತ್ಯ ಪ್ರಾಣಿಯನ್ನು ಕಂಡ ಕಾರ್ಮಿಕರು" ಅನ್ನುವುದು ಹೀಗೇ ಗಾಳಿಯಲ್ಲಿ ತೇಲುತ್ತಿದೆ. "ಆ" ಅಥವಾ "ಈ" ಹಚ್ಚಿದರೆ ಸ್ವಲ್ಪ ನೆಲಕ್ಕಿಳಿಯುತ್ತದೆ. ಆದರೆ "ಆ ದೈತ್ಯ ಪ್ರಾಣಿ" ಅನ್ನಲು ಇಷ್ಟು ಕಷ್ಟಪಡುವ ಬದಲು "ಆನೆ" ಅಂದರೆ ಮುಗಿಯಿತಲ್ಲ, ಎರಡೇ ಅಕ್ಷರ.

ಈಗ ನಿಮ್ಮ ಸಪ್ಪೆಗೆ ಬರೋಣ. ಡೆಸ್ಕಿನವರು ತಿದ್ದಿದ್ದು ಹೀಗಿದೆ:

> ತಾಲ್ಲೂಕಿನ ಕಾಫಿ ತೋಟವೊಂದಕ್ಕೆ ಮಂಗಳವಾರ ರಾತ್ರಿ ಕಾಡಾನೆ ನುಗ್ಗಿದೆ. ಆನೆ ತೋಟದ ಬೇಲಿ ಮುರಿದು ಒಳಗೆ ಬಂದಿದೆ. ಆನೆ ಹತ್ತು ಬಾಳೆ ಗಿಡಗಳನ್ನು ನಾಶಪಡಿಸಿದೆ. ಆನೆಯನ್ನು ಕಂಡ ಕಾರ್ಮಿಕರು ಲೈನ್ ಮನೆಗಳೊಳಗೆ ಓಡಿದ್ದಾರೆ. ಬೆಳಗಿನ ಜಾವ ಆನೆ ಕಾಡಿನತ್ತ ತೆರಳಿದೆ.

ನಿಜ, ಇದು ಸಪ್ಪೆಯೇ. ಗಟ್ಟಿಯಾಗಿ ಓದಿ ನೋಡಿ. ನಿಮ್ಮ ಕಿವಿಗೆ ಬಡಿಯುವುದು "ಆನೆ" ಅಲ್ಲ. ನುಗ್ಗಿದೆ, ಬಂದಿದೆ, ನಾಶಪಡಿಸಿದೆ, ತೆರಳಿದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕೊನೆಯ ಸದ್ದು ಕಿವಿಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಪ್ರತಿ ವಾಕ್ಯವೂ "ಇದೆ, ಇದೆ" ಅಂತ ಮುಗಿದರೆ ಯಾರೋ ಮೊಳೆ ಹೊಡೆಯುತ್ತಿರುವ ಹಾಗೆ ಕೇಳುತ್ತದೆ. ಅದರ ಜೊತೆ ವಾಕ್ಯಗಳು ಶುರುವಾಗುವುದೂ ಒಂದೇ ಥರ: ಆನೆ, ಆನೆ, ಆನೆಯನ್ನು. ಬೇಜಾರು ಬಂದದ್ದು ಈ ಅಚ್ಚಿನಿಂದ. ನೀವು ತಪ್ಪು ಹೊರಿಸಿದ್ದು ಪಾಪ ಆನೆಯ ಮೇಲೆ. ಡೆಸ್ಕಿನವರು ಹೆಸರು ತಿದ್ದಿದರು, ಅಚ್ಚನ್ನು ಹಾಗೇ ಬಿಟ್ಟರು. ಅಂದರೆ ಅರ್ಧ ಕೆಲಸ ಮಾಡಿದರು. ಸುದ್ದಿ ಹೋಗುವ ಹೊತ್ತಿಗೆ ಡೆಸ್ಕಿನಲ್ಲಿ ಎಲ್ಲರೂ ಅರ್ಧ ಕೆಲಸವೇ ಮಾಡುವುದು, ನಾನೂ ಮಾಡಿದ್ದೇನೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ತಾಲ್ಲೂಕಿನ ಕಾಫಿ ತೋಟವೊಂದಕ್ಕೆ ಮಂಗಳವಾರ ರಾತ್ರಿ ಕಾಡಾನೆ ನುಗ್ಗಿದೆ. ಬೇಲಿ ಮುರಿದು ಒಳಗೆ ಬಂದು ಹತ್ತು ಬಾಳೆ ಗಿಡಗಳನ್ನು ತುಳಿದುಹಾಕಿತು. ಆನೆಯನ್ನು ಕಂಡ ಕಾರ್ಮಿಕರು ಲೈನ್ ಮನೆಗಳೊಳಗೆ ಓಡಿದರು. ಆನೆ ಕಾಡಿನ ಕಡೆಗೆ ವಾಪಸ್ ಹೋದದ್ದು ಬೆಳಗಿನ ಜಾವ.

ಹೆಸರು ಐದು ಸಲ ಇದ್ದದ್ದು ಮೂರಕ್ಕೆ ಇಳಿದಿದೆ. ಮೂರೂ ಕಡೆ ಆನೆಯೇ. ಎರಡನೇ ವಾಕ್ಯ ನೋಡಿ, ಅಲ್ಲಿ ಆನೆಯ ಹೆಸರೇ ಇಲ್ಲ. ಆದರೂ ಯಾರು ಬೇಲಿ ಮುರಿದದ್ದು ಅಂತ ಯಾರೂ ಕೇಳುವುದಿಲ್ಲ. ಕನ್ನಡ ನಮಗೆ ಕೊಟ್ಟಿರುವ ಅನುಕೂಲ ಇದು. "ತುಳಿದುಹಾಕಿತು" ಅನ್ನುವುದರ ಬಾಲದಲ್ಲೇ "ಅದು" ಇದೆ. "ಮುರಿದು, ಬಂದು" ಅಂತ ಪೋಣಿಸಿಕೊಂಡು ಹೋದರೆ ಒಂದೇ ಕರ್ತೃ ಮೂರು ಕೆಲಸಕ್ಕೆ ಸಾಕು. ಕಾರ್ಮಿಕರಿಗೆ "ಓಡಿದರು" ಅನ್ನುವ ಬೇರೆ ಬಾಲ ಇರುವುದರಿಂದ ಗೊಂದಲವೂ ಇಲ್ಲ. ಹೆಸರು ಪದೇ ಪದೇ ಬರುತ್ತಿದೆ ಅನ್ನಿಸಿದಾಗ ಮೊದಲು ಬೇರೆ ಹೆಸರು ಹುಡುಕಬೇಡಿ. ಇಲ್ಲಿ ಹೆಸರೇ ಬೇಕಾ ಅಂತ ನೋಡಿ. ತುಂಬಾ ಸಲ ಬೇಕಾಗಿರುವುದಿಲ್ಲ. ಬೇಕಾದ ಕಡೆ ಅದೇ ಹೆಸರನ್ನು ಧೈರ್ಯವಾಗಿ ಇಡಿ.

ಬೇಕೋ ಬೇಡವೋ ಅಂತ ಹೇಗೆ ಗೊತ್ತಾಗುತ್ತದೆ? ನಡುವೆ ಅದೇ ಬಾಲ ತೆಗೆದುಕೊಳ್ಳುವ ಇನ್ನೊಂದು ಬಂದರೆ ಹೆಸರು ಬೇಕು. "ಆನೆ ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು. ಸ್ವಲ್ಪ ದೂರ ಓಡಿ ನಿಂತಿತು." ನಿಂತದ್ದು ಆನೆಯೋ, ನಾಯಿಯೋ? ಎರಡೂ ನಪುಂಸಕಲಿಂಗ, ಎರಡಕ್ಕೂ "ನಿಂತಿತು". ಇಲ್ಲಿ ಬಾಲ ಸಹಾಯಕ್ಕೆ ಬರುವುದಿಲ್ಲ, "ಅದು" ಅಂತ ಬರೆದರೂ ಪ್ರಯೋಜನ ಇಲ್ಲ. "ಆನೆ ಸ್ವಲ್ಪ ದೂರ ಓಡಿ ನಿಂತಿತು" ಅನ್ನಲೇಬೇಕು. ನಾಯಿಯ ಜಾಗದಲ್ಲಿ ಒಬ್ಬ ಹುಡುಗ ಇದ್ದಿದ್ದರೆ "ಓಡಿ ನಿಂತಿತು" ಅಂದರೆ ಸಾಕಿತ್ತು, ಹುಡುಗ ನಿಲ್ಲುತ್ತಾನೆ, ನಿಂತಿತು ಅನ್ನಿಸಿಕೊಳ್ಳುವುದಿಲ್ಲ.

ಒಂದೇ ಪದ ಎರಡು ಸಲ ಬಂದು ನಿಜವಾಗಿಯೂ ಕೆಡುವ ಸಂದರ್ಭವೂ ಒಂದಿದೆ. ಪದ ಒಂದೇ, ಅರ್ಥ ಎರಡು ಆದಾಗ. "ಆ ಹೊತ್ತಿನಲ್ಲಿ ಮೂಟೆ ಹೊತ್ತು ಹೊರಟ" ಅಂದರೆ ಓದುಗ ಎಡವುತ್ತಾನೆ. ಅಲ್ಲಿ ಒಂದನ್ನು ಬದಲಿಸಬೇಕು: "ಆಗಲೇ ಮೂಟೆ ಹೊತ್ತು ಹೊರಟ." ತಮಾಷೆ ಏನು ಅಂದರೆ, ಸಮಾನಾರ್ಥಕಗಳ ಹಿಂದೆ ಬಿದ್ದವರ ಕಣ್ಣಿಗೆ ಇಂಥವು ಬೀಳುವುದೇ ಇಲ್ಲ.

ಹಾಗಂತ ಒಂಟಿಸಲಗ ಅನ್ನುವ ಪದವನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಪದ. ಅರಣ್ಯ ಇಲಾಖೆಯವರು ಹೆಜ್ಜೆ ಗುರುತು ನೋಡಿ, ಜನರನ್ನು ಕೇಳಿ, ಇದು ಒಂಟಿಯಾಗಿ ತಿರುಗುವ ಗಂಡಾನೆ ಅಂತ ಹೇಳಿದ್ದರೆ ಅದು ಸುದ್ದಿಯೇ. ಆಗ ಮೊದಲ ವಾಕ್ಯದಲ್ಲೇ "ಒಂಟಿಸಲಗವೊಂದು ನುಗ್ಗಿದೆ" ಅಂತ ಹಾಕಿ, ಮುಂದೆ ಸಲಗ, ಸಲಗ ಅಂತಲೇ ನಡೆಸಿಕೊಂಡು ಹೋಗಿ. ಅಥವಾ ಆನೆ ಅಂತ ಶುರು ಮಾಡಿ ಆ ಸಂಗತಿಗೆ ಅದರದ್ದೇ ವಾಕ್ಯ ಕೊಡಿ: "ಇದು ಒಂಟಿಸಲಗ ಅಂತ ಅರಣ್ಯ ಸಿಬ್ಬಂದಿ ಹೇಳಿದ್ದಾರೆ." ಬೇರೆ ಪದ ಹೊಸ ವಿಷಯ ತಂದರೆ ಅದಕ್ಕೆ ಜಾಗ ಇದೆ. ಹಳೆಯ ಪದದ ಬದಲಿಗೆ ಕೂರಲು ಮಾತ್ರ ಬಂದಿದ್ದರೆ ಜಾಗ ಇಲ್ಲ.

ನೀವು ವರದಿಗಾರರು ಆದ್ದರಿಂದ ಇದನ್ನು ಆನೆಗಿಂತ ಜಾಸ್ತಿ ಜಾಗ್ರತೆಯಿಂದ ನೋಡಬೇಕಾದ ಒಂದು ಜಾಗ ಹೇಳುತ್ತೇನೆ, ಪೊಲೀಸ್ ಮತ್ತು ಕೋರ್ಟಿನ ಸುದ್ದಿ. ಶಂಕಿತ, ಆರೋಪಿ, ಬಂಧಿತ, ಅಪರಾಧಿ, ಕೈದಿ. ಇವು ಒಬ್ಬನೇ ಮನುಷ್ಯನ ಐದು ಹೆಸರಲ್ಲ, ಐದು ಬೇರೆ ಬೇರೆ ಸ್ಥಿತಿ. ಅನುಮಾನ ಇದ್ದರೆ ಶಂಕಿತ. ಆರೋಪ ಹೊತ್ತವನು ಆರೋಪಿ, ಕೋರ್ಟು ತಪ್ಪಿತಸ್ಥ ಅಂತ ತೀರ್ಪು ಕೊಡುವ ತನಕ ಆರೋಪಿಯೇ. ಅಪರಾಧಿ ಅನ್ನುವುದು ತೀರ್ಪಿನ ನಂತರದ ಮಾತು. ಆರೋಪಿ ಮೂರು ಸಲ ಬಂತು ಅಂತ ನಾಲ್ಕನೇ ಸಲ ಅಪರಾಧಿ ಅಂತ ಹಾಕಿದರೆ, ಕೋರ್ಟು ಮಾಡಬೇಕಾದ ಕೆಲಸವನ್ನು ನೀವು ಒಂದು ಪದಕ್ಕೋಸ್ಕರ ಮಾಡಿ ಮುಗಿಸಿದಿರಿ ಅಂತಾಗುತ್ತದೆ. "ಹೇಳಿದರು" ಅನ್ನುವುದಕ್ಕೂ ಇದೇ. ತಿಳಿಸಿದರು ಅಂದರೆ ತೊಂದರೆ ಇಲ್ಲ. "ಒಪ್ಪಿಕೊಂಡರು" ಅಂದರೆ ಅಲ್ಲಿವರೆಗೆ ಮುಚ್ಚಿಟ್ಟಿದ್ದರು ಅಂತ ಅರ್ಥ. "ಸ್ಪಷ್ಟಪಡಿಸಿದರು" ಅಂದರೆ ಮೊದಲು ಗೊಂದಲ ಇತ್ತು ಅಂತ ಅರ್ಥ. "ಕಿಡಿ ಕಾರಿದರು" ಅಂದರೆ, ಆ ಮನುಷ್ಯ ನಿಜಕ್ಕೂ ಕೂಗಾಡಿದ್ದರೇ? ಹತ್ತು ಸಲ "ಹೇಳಿದರು" ಬಂದರೂ ಯಾರೂ ಗಮನಿಸುವುದಿಲ್ಲ. ಆ ಪದದ ಗುಣವೇ ಅದು, ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ.

ಅಡುಗೆ ಬರಹದಲ್ಲೂ ಒಂದು ಸಲ ಇದನ್ನು ಕಂಡೆ. ಮೊದಲು "ನಾಲ್ಕು ಮೆಣಸಿನಕಾಯಿ ಹುರಿಯಿರಿ" ಅಂತ ಇತ್ತು, ಕೆಳಗೆ "ಹುರಿದ ಮೆಣಸನ್ನು ರುಬ್ಬಿ" ಅಂತ. ಬರೆದವರು ಕರಾವಳಿಯವರು, ಅವರಿಗೆ ಎರಡೂ ಒಂದೇ. ಮೈಸೂರಿನ ಕಡೆಯವರಿಗೆ ಮೆಣಸು ಅಂದರೆ ಕಾಳುಮೆಣಸು. ಅವರು ಡಬ್ಬಿ ತೆಗೆದು ಒಂದು ಹಿಡಿ ಕಾಳನ್ನೂ ಹಾಕಿ ರುಬ್ಬಿದರೆ ತಪ್ಪು ಯಾರದ್ದು?

ನಿಮ್ಮದೇ ಬರಹವನ್ನು ಪರೀಕ್ಷೆ ಮಾಡಲು ನಾನು ಹೊಸಬರಿಗೆ ಹೇಳುತ್ತಿದ್ದ ಉಪಾಯ ಇದು. ಸುದ್ದಿಯ ಪ್ರಿಂಟ್ ತೆಗೆದುಕೊಂಡು, ಒಬ್ಬರನ್ನೇ ಅಥವಾ ಒಂದನ್ನೇ ಸೂಚಿಸುವ ಎಲ್ಲ ಪದಗಳ ಕೆಳಗೂ ಒಂದೇ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಇನ್ನೊಬ್ಬರಿಗೆ ಇನ್ನೊಂದು ಬಣ್ಣ. ಒಂದು ಬಣ್ಣದ ಗೆರೆಯ ಮೇಲೆ ಮೂರು ನಾಲ್ಕು ಬೇರೆ ಹೆಸರು ಕಂಡರೆ ಒಂದೊಂದನ್ನೂ ತೆಗೆದು ಓದಿ. ತೆಗೆದರೂ ಅರ್ಥ ನಿಂತರೆ ಅಲ್ಲಿಗೆ ಬಿಡಿ. ನಿಲ್ಲದಿದ್ದರೆ ಮೊದಲು ಬಳಸಿದ ಹೆಸರನ್ನೇ ವಾಪಸ್ ಇಡಿ. ಆಮೇಲೆ ವಾಕ್ಯಗಳ ಕೊನೆಯ ಪದಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿಕೊಂಡು ಹೋಗಿ. ಇದೆ, ಇದೆ, ಇದೆ ಅಂತ ಕೇಳಿದರೆ ಎರಡು ವಾಕ್ಯ ಸೇರಿಸಿ, ಒಂದನ್ನು ತಿರುಗಿಸಿ. ಐದು ನಿಮಿಷದ ಕೆಲಸ.

ನೀವು ಕಳಿಸಿದ ಹಾಳೆಯ ಕೆಳಗಡೆ ಬುಧವಾರದ ಇನ್ನೊಂದು ಸುದ್ದಿ ಇದೆಯಲ್ಲ, ತಾಯಾನೆ ಮತ್ತು ಮರಿ ಕೆರೆಗೆ ಇಳಿದದ್ದು. ಅದನ್ನು ಡೆಸ್ಕಿಗೆ ಕಳಿಸುವ ಮುಂಚೆ ಒಂದು ಸಲ ನೋಡಿ. ಅಲ್ಲಿ "ಪುಟಾಣಿ ಗಜ", "ಕಂದ", "ಮರಿಯಾನೆ" ಮೂರೂ ಬಂದಿವೆ, ಅದರ ನಡುವೆ "ಹೆಣ್ಣಾನೆ ಘೀಳಿಟ್ಟಿತು" ಅಂತ ಒಂದು ಸಾಲಿದೆ. ಘೀಳಿಟ್ಟದ್ದು ತಾಯಿಯೋ, ಮರಿಯೂ ಹೆಣ್ಣೋ ಅಂತ ನಾನು ಎರಡು ಸಲ ಓದಿದರೂ ತಿಳಿಯಲಿಲ್ಲ. ಇಲ್ಲಿ ಇರುವುದು ಎರಡು ಆನೆ, ಎರಡೇ ಹೆಸರು ಸಾಕು: ತಾಯಾನೆ, ಮರಿ.